ನಾಯಿ ಸಾಕಿರುವವರ ಗಮನಕ್ಕೆ: ರೇಬಿಸ್ ಲಸಿಕೆ

ಮರಿಗೆ 3 ತಿಂಗಳು ತುಂಬಿದಾಗ ಮೊದಲ ರೇಬಿಸ್ ಲಸಿಕೆ. ಆಮೇಲೆ ವರ್ಷಕ್ಕೊಂದು ಬೂಸ್ಟರ್. ಮುಂದಿನ ತಾರೀಖು ಲಸಿಕೆ ಪುಸ್ತಕದಲ್ಲೇ ಇರುತ್ತದೆ, ಅದರ ಫೋಟೋ ಫೋನಿನಲ್ಲಿಟ್ಟುಕೊಳ್ಳಿ.

ಲಸಿಕೆ ಹಾಕಿಸಿದ ನಾಯಿ ಕಚ್ಚಿದರೂ ಸುಮ್ನೆ ಕೂರಬೇಡಿ. ಗಾಯವನ್ನು ಸೋಪು ಹಚ್ಚಿ, ಹರಿಯುವ ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ, ಪುಸ್ತಕವನ್ನೂ ತೋರಿಸಿ. ಇಂಜೆಕ್ಷನ್ ಬೇಕೋ ಬೇಡವೋ ಎಂದು ಹೇಳಬೇಕಾದವರು ಡಾಕ್ಟರು, ನಾಯಿಯ ಯಜಮಾನರಲ್ಲ!

ನಾಯಿಯನ್ನು ಎಲ್ಲಿಗೂ ಕಳಿಸಬೇಡಿ. 10 ದಿನ ಮನೆಯಲ್ಲೇ ಕಟ್ಟಿ ನೋಡಿಕೊಳ್ಳಿ. ಊಟ ಬಿಟ್ಟರೆ, ಜೊಲ್ಲು ಜಾಸ್ತಿ ಸುರಿಸಿದರೆ, ಬೊಗಳುವ ದನಿ ಬದಲಾದರೆ ಅಥವಾ ಸತ್ತರೆ ಪಶುವೈದ್ಯರಿಗೂ ಕಚ್ಚಿಸಿಕೊಂಡವರಿಗೂ ತಕ್ಷಣ ತಿಳಿಸಿ. 10 ದಿನ ಕಳೆದರೂ ನಾಯಿ ಚೆನ್ನಾಗಿದ್ದರೆ, ಉಳಿದ ಇಂಜೆಕ್ಷನ್ ನಿಲ್ಲಿಸಬಹುದಾ ಎಂದು ಡಾಕ್ಟರನ್ನೇ ಕೇಳಿ.