ಬಸ್ ಓಣಿಯೊಳಗೆ ತರುವ ಮೊದಲು ತಿರುವು ಅಳೆಯಿರಿ

ಎಲ್ಲರಿಗೂ ನಮಸ್ಕಾರ. ಓಣಿ 3.5 ಮೀಟರ್ ಅಗಲ ಇದೆ, ಬಸ್ 2.5 ಮೀಟರ್, ಹಾಗಾಗಿ ಹಿಡಿಸುತ್ತದೆ ಎಂದು ಸುಮ್ನೆ ಲೆಕ್ಕ ಹಾಕಬೇಡಿ. ಕನ್ನಡಿ ಸೇರಿದರೆ ಬಸ್ಸೇ ಸುಮಾರು 3 ಮೀಟರ್. ನೇರ ದಾರಿಯಲ್ಲಿ ನಿಧಾನವಾಗಿ ಹೋಗಬಹುದು. ತೊಂದರೆ ಇರುವುದು ತಿರುವಿನಲ್ಲಿ.

12 ಮೀಟರ್ ಬಸ್ಸಿನ ಮುಂದಿನ, ಹಿಂದಿನ ಚಕ್ರಗಳ ನಡುವೆ 6 ಮೀಟರ್ ಅಂತರ ಇದೆ ಎನ್ನಿ. ಹೊರಗಿನ ಮುಂಚಕ್ರ 10 ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ ಅದೇ ಬದಿಯ ಹಿಂಚಕ್ರ 8 ಮೀಟರಿನಲ್ಲಿ ಸುತ್ತುತ್ತದೆ, ಅಂದರೆ 2 ಮೀಟರ್ ಒಳಗೆ. ಮುಂದೆ ಚಾಚಿದ ಮೂತಿಗೂ ಜಾಗ ಬೇಕಲ್ವಾ? ಪೂರ್ತಿ ಸುತ್ತಿಗೆ 6 ಮೀಟರಿಗಿಂತ ಜಾಸ್ತಿ ಅಗಲ ಬೇಕಾಗುತ್ತದೆ. ಲಂಬ ತಿರುವಿಗೆ ಸ್ವಲ್ಪ ಕಡಿಮೆ ಸಾಕು, ಆದರೆ 3.5 ಮೀಟರ್ ಸಾಲದು.

ತಿರುಗುವಾಗ ಒಳಬದಿಯ ಗೋಡೆ, ಚರಂಡಿ ಕಡೆ ಒಬ್ಬರು ನಿಂತು ಹಿಂಚಕ್ರ ನೋಡಿಕೊಳ್ಳಿ. ಬಾಲ ಹೊರಬದಿಗೆ ಬೀಸುವುದರಿಂದ ಆ ಕಡೆಯ ಬೈಕ್‌ಗಳನ್ನು ಮೊದಲೇ ತೆಗೆಸಿ.