ಸ್ಟಾರ್ಟಪ್ ಪ್ರಮಾಣಪತ್ರ ನೋಡಿ ದುಡ್ಡು ಕೊಡುವ ಮುಂಚೆ

ಗೆಳೆಯರೇ, ಮಂಡ್ಯದಲ್ಲಿ ಬೆಲ್ಲದ ಡೀಲರ್‌ಶಿಪ್ ಕೊಡ್ತೀವಿ ಅಂತ ಒಂದು ಸ್ಟಾರ್ಟಪ್ ಡೆಪಾಸಿಟ್ ಕೇಳುತ್ತಿದೆ. ನಿನ್ನೆ ಗುಂಪಿನಲ್ಲಿ ಅವರ ‘ಕೇಂದ್ರ ಸರ್ಕಾರದ ಮಾನ್ಯತೆ’ ಪತ್ರದ ಫೋಟೋನೂ ಬಂದಿತ್ತು, ಅಲ್ವಾ?

ಫೋಟೋ ನಂಬಬೇಡಿ. ಪತ್ರದಲ್ಲಿ DIPP ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅದನ್ನು startupindia.gov.in ತಾಣದಲ್ಲಿ ಪ್ರಮಾಣಪತ್ರ ಪರಿಶೀಲಿಸುವ ಕಡೆ ಹಾಕಿ. ಬರುವ ಹೆಸರು ಕಂಪನಿಯ ನೋಂದಾಯಿತ ಹೆಸರು, ಬೆಲ್ಲದ ಬ್ರ್ಯಾಂಡ್ ಹೆಸರಲ್ಲ. ಹಾಗಾಗಿ ನಿಮ್ಮ ಕರಾರು ಪತ್ರ ಮತ್ತು ಬ್ಯಾಂಕ್ ಖಾತೆಯ ಹೆಸರಿನ ಜೊತೆ ಅಕ್ಷರ ಅಕ್ಷರ ಹೋಲಿಸಿ. ಖಾತೆ ಒಬ್ಬ ವ್ಯಕ್ತಿಯ ಹೆಸರಲ್ಲಿದ್ದರೆ ಅಲ್ಲೇ ನಿಲ್ಲಿಸಿ. ಒಬ್ಬರೇ ಮಾಲೀಕರಿರುವ ಅಂಗಡಿಗೆ ಈ ಮಾನ್ಯತೆ ಸಿಗುವುದೇ ಇಲ್ಲ.

ಸಂಖ್ಯೆ ಸರಿ ಇದ್ದರೂ ಅದು ಹೇಳುವುದು ಇಷ್ಟೇ: ಈ ಸಂಸ್ಥೆ ನೋಂದಣಿಯಾಗಿದೆ, ಸ್ಟಾರ್ಟಪ್ ವ್ಯಾಖ್ಯೆಗೆ ಹೊಂದುತ್ತದೆ ಎಂದು ಮಾನ್ಯತೆ ಕೊಡುವ ಕೇಂದ್ರದ ಇಲಾಖೆ ಡಿಪಿಐಐಟಿ ಒಪ್ಪಿದೆ. ಯಾವ ಕ್ಷೇತ್ರದ ಕೆಲಸ ಅನ್ನುವುದು ಅವರೇ ಬರೆದುಕೊಟ್ಟದ್ದು, ಪತ್ರದಲ್ಲೇ ಹಾಗೆ ಇರುತ್ತದೆ. ಬೆಲ್ಲದ ಗುಣಮಟ್ಟ, ಲಾಭ, ನಿಮ್ಮ ಡೆಪಾಸಿಟ್ ಯಾವುದಕ್ಕೂ ಸರ್ಕಾರ ಜಾಮೀನಲ್ಲ. ‘ತೆರಿಗೆ ವಿನಾಯಿತಿನೂ ಇದೆ’ ಅಂದರೆ ಸುಮ್ನೆ ತಲೆ ಆಡಿಸಬೇಡಿ. ಸ್ಟಾರ್ಟಪ್‌ಗಳ ಆದಾಯ ತೆರಿಗೆ ವಿನಾಯಿತಿಗೆ ಬೇರೆ ಅರ್ಜಿ, ಬೇರೆ ಪ್ರಮಾಣಪತ್ರ. ಅದನ್ನೂ ತೋರಿಸಲು ಕೇಳಿ.