ಇವತ್ತಿನ ರೇಡಿಯೋ ಮಾತು ಕೇಳದವರಿಗೆ: ಅಡುಗೆಮನೆ ಕಸದ ಗೊಬ್ಬರ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ರೇಡಿಯೋದಲ್ಲಿ ಕಸ ಬೇರ್ಪಡಿಸಿ ಗೊಬ್ಬರ ಮಾಡುವ ಬಗ್ಗೆ ಮಾತಾಡಿದರು. ತೋಟದಲ್ಲಿದ್ದು ಕೇಳದವರಿಗಾಗಿ ಇದು.

ಹಾಲಿನ ಪ್ಯಾಕೆಟ್ ಕತ್ತರಿಸಿದಾಗ ಬೀಳುವ ಆ ಸಣ್ಣ ಮೂಲೆ ಇದೆಯಲ್ಲ, ಅದೇ ತರಕಾರಿ ಸಿಪ್ಪೆ ಜೊತೆ ಸೇರಿಬಿಡೋದು. ಮೂಲೆ ಪೂರ್ತಿ ಕತ್ತರಿಸದೆ ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಬಿಡಿ. ಸಿಪ್ಪೆ ದನಕ್ಕೆ ಹಾಕುವವರಂತೂ ಇದನ್ನು ಮರೆಯಬೇಡಿ.

ಇನ್ನು ಗೊಬ್ಬರ. ತಳಕ್ಕೆ ತೂತು ಕೊರೆದ ಹಳೇ ಡ್ರಮ್ಮು ಸಾಕು. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ತರಗೆಲೆ, ಮೇಲೆ ಒಂದು ಹಿಡಿ ಸಗಣಿ ಗೊಬ್ಬರ. ವಾರಕ್ಕೊಮ್ಮೆ ಕೋಲಿನಿಂದ ತಿರುವಿ ಹಾಕಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ನೀರು ತೊಟ್ಟಿಕ್ಕಿದರೆ ತೇವ ಜಾಸ್ತಿ, ಉಂಡೆಯೇ ಕಟ್ಟದಿದ್ದರೆ ಕಡಿಮೆ.

ನಮ್ಮ ಮನೆಯಲ್ಲಿ ಹೋದ ಮಳೆಗಾಲ ಕೊಳೆತ ಮೊಟ್ಟೆ ವಾಸನೆ ಬಂದು, ಅತ್ತೆ ಡ್ರಮ್ಮನ್ನೇ ಎಸೆಯಲು ಹೊರಟಿದ್ದರು. ಒಳಗೆ ಗಾಳಿ ಆಡುತ್ತಿರಲಿಲ್ಲ ಅಷ್ಟೆ. ಎರಡು ಬುಟ್ಟಿ ಒಣ ಎಲೆ ಬೆರೆಸಿ, ದಿನ ಬಿಟ್ಟು ದಿನ ತಿರುವಿ, ಮಳೆ ಬೀಳದಂತೆ ಮುಚ್ಚಿದೆ. ನಾಲ್ಕೈದು ದಿನಕ್ಕೆ ವಾಸನೆ ಹೋಯಿತು.

ಮೀನು, ಮಾಂಸ, ಎಣ್ಣೆ ಪದಾರ್ಥ ಹಾಕಬೇಡಿ, ಇಲಿ ನಾಯಿ ಬಿಡುವುದಿಲ್ಲ. ಎರಡು ಮೂರು ತಿಂಗಳಿಗೆ ಕಪ್ಪಾಗಿ, ಮಣ್ಣಿನ ವಾಸನೆ ಬಂದರೆ ಗಿಡಕ್ಕೆ ಹಾಕಬಹುದು. ಬಿಸಿ ಇನ್ನೂ ಇದ್ದರೆ ಬೇಡ, ಬೇರು ಸುಡುತ್ತದೆ.